ಹನ್ನೆರಡು ಲಕ್ಷದಲ್ಲಿ ಎಷ್ಟು ಏರಿಸಬಹುದು? ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಹಾಸನದ ಹೊರವಲಯದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್. ಖಾಯಂ ಕಾರ್ಮಿಕರು 60 ಮಂದಿ, ಸರಾಸರಿ ಸೇವೆ 14 ವರ್ಷ. ಮೂರು ವರ್ಷದ ಹಳೆಯ ಒಪ್ಪಂದ ಮುಗಿದಿದೆ. ಯೂನಿಯನ್ ತಿಂಗಳಿಗೆ 4,000 ರೂಪಾಯಿ ಏರಿಕೆ ಕೇಳಿದೆ. ಮಾಲೀಕರು ವರ್ಷಕ್ಕೆ 12 ಲಕ್ಷದ ಮೇಲೆ ಒಂದು ಪೈಸೆಯೂ ಇಲ್ಲ ಎಂದಿದ್ದಾರೆ. ಸಲಹೆಗೆ ಬಂದ ವ್ಯವಸ್ಥಾಪಕರಿಗೆ ನಿದ್ದೆ ಕೆಟ್ಟಿತ್ತು. "ಹನ್ನೆರಡು ಲಕ್ಷ ಭಾಗಿಸು ಅರವತ್ತು, ಭಾಗಿಸು ಹನ್ನೆರಡು. ತಲೆಗೆ 1,666 ಬರುತ್ತದೆ ಸರ್. 1,600 ಅಂತ ಹೇಳಿಬಿಡೋಣ ಅಂದುಕೊಂಡಿದ್ದೇನೆ," ಎಂದರು.

ಆ ಸಂಖ್ಯೆ ಬಾಯಿಂದ ಹೊರಬಿದ್ದಿದ್ದರೆ ಕಂಪನಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಮೂಲವೇತನಕ್ಕೆ 1,000 ರೂಪಾಯಿ ಸೇರಿದರೆ ಖರ್ಚು 1,000 ಅಲ್ಲ. ಈ ಕಂಪನಿ ಪೂರ್ತಿ ವೇತನದ ಮೇಲೆ ಪಿಎಫ್ ಕಟ್ಟುತ್ತದೆ: ಆಡಳಿತ ಶುಲ್ಕ ಸೇರಿ 125. ಇಎಸ್‌ಐ ಪಾಲು ಶೇ 3.25, ಅಂದರೆ ಸುಮಾರು 33. ಮುಂದಿನ ಸೇವೆಗೆ ಗ್ರಾಚ್ಯುಟಿ ತಿಂಗಳಿಗೆ 48. ಒಟ್ಟು 1,206. ಹಾಗಾಗಿ ಮೂಲವೇತನಕ್ಕೆ ಸೇರಿಸಬಹುದಾದ ಏರಿಕೆ ಹೆಚ್ಚೆಂದರೆ 1,380ರ ಆಸುಪಾಸು. ಭತ್ಯೆಗೆ ಹಾಕಿ ತಪ್ಪಿಸಿಕೊಳ್ಳಬಹುದೇ ಎಂದೂ ಅವರು ಕೇಳಿದರು. ಹೊಸ ವೇತನ ಸಂಹಿತೆಯಲ್ಲಿ ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ ಭಾಗ ವೇತನವೆಂದೇ ಎಣಿಕೆಯಾಗುತ್ತದೆ. ಆ ದಾರಿ ದೂರ ಹೋಗುವುದಿಲ್ಲ.

ಇನ್ನೊಂದು ಖರ್ಚು ಹಾಳೆಯ ಮೇಲೆ ಕಾಣುವುದೇ ಇಲ್ಲ. ಗ್ರಾಚ್ಯುಟಿಯನ್ನು ಕೊನೆಯ ವೇತನದ ಮೇಲೆ ಇಡೀ ಸೇವೆಗೆ ಲೆಕ್ಕ ಹಾಕುತ್ತಾರೆ: ವೇತನ × 15 ÷ 26 × ವರ್ಷ. ಇವತ್ತು 1,000 ಏರಿದರೆ ಕಳೆದ 14 ವರ್ಷಗಳಿಗೂ ತಲೆಗೆ ಸುಮಾರು 8,000 ರೂಪಾಯಿ ಹೊಣೆ ಬೀಳುತ್ತದೆ, ಅರವತ್ತು ಮಂದಿಗೆ 4.8 ಲಕ್ಷದಷ್ಟು. ಇದು ಈಗಲೇ ಕೊಡಬೇಕಾದ ಹಣವಲ್ಲ, ನಿವೃತ್ತಿಯಾದಾಗ ಕೊಡುವುದು. ಆದ್ದರಿಂದ ಮಾಲೀಕರನ್ನು ಮೊದಲು ಕೇಳಬೇಕಾದದ್ದು ಇದು: ನಿಮ್ಮ 12 ಲಕ್ಷ ನಗದಿನ ಮಿತಿಯೋ, ಲೆಕ್ಕಪುಸ್ತಕದ ಮಿತಿಯೋ? ಉತ್ತರ, ನಗದಿನದು. ಹಾಗಿದ್ದರೆ ಮೂರು ವರ್ಷದಲ್ಲಿ ನಿವೃತ್ತರಾಗುವ ಐವರ ಲೆಕ್ಕ ಮಾತ್ರ ಒಳಗೆ ಬರಬೇಕು.

ಮೂರು ವರ್ಷಕ್ಕೆ ಒಟ್ಟು 36 ಲಕ್ಷ. ಮೊದಲ ತಿಂಗಳಿಂದಲೇ 1,300 ಕೊಟ್ಟರೆ ಒಬ್ಬರಿಗೆ 36 ತಿಂಗಳಲ್ಲಿ 46,800. ಅದೇ ಹಣವನ್ನು 900, ಎರಡನೇ ವರ್ಷ ಇನ್ನೂ 400, ಮೂರನೇ ವರ್ಷ ಮತ್ತೆ 400 ಎಂದು ಹಂಚಿದರೂ 46,800ವೇ ಆಗುತ್ತದೆ. ಆದರೆ ಕೊನೆಗೆ ಏರಿಕೆ 1,700ಕ್ಕೆ ಮುಟ್ಟುತ್ತದೆ. ಎರಡರಲ್ಲೂ ಕಂಪನಿಗೆ ಬೀಳುವುದು 34 ಲಕ್ಷಕ್ಕೆ ಸ್ವಲ್ಪ ಕಡಿಮೆ. ಉಳಿದ ಎರಡು ಲಕ್ಷದ ಚಿಲ್ಲರೆಯಲ್ಲಿ ಆ ಐವರ ಗ್ರಾಚ್ಯುಟಿಯ ಹೆಚ್ಚಳ, 28 ವರ್ಷ ಸೇವೆಯೆಂದರೆ 1.4 ಲಕ್ಷದೊಳಗೆ, ಸರಿಹೋಗುತ್ತದೆ. ಯೂನಿಯನ್ ನಾಯಕರಿಗೆ ಸದಸ್ಯರ ಮುಂದೆ ಹೇಳಿಕೊಳ್ಳಲು 1,700 ಎನ್ನುವ ಸಂಖ್ಯೆ ಸಿಗುತ್ತದೆ. ಇದರ ಬೆಲೆಯನ್ನು ಮಾಲೀಕರಿಗೆ ಮುಚ್ಚಿಡಬಾರದು: ಮೂರನೇ ವರ್ಷದ ಖರ್ಚು 12 ಲಕ್ಷ ಮೀರುತ್ತದೆ, ನಾಲ್ಕನೇ ವರ್ಷದಿಂದ 1,300ಕ್ಕಿಂತ ತಲೆಗೆ 400 ಹೆಚ್ಚು, ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ. ಈಗಲೇ ಅವರಿಂದ ಒಪ್ಪಿಗೆ ಪಡೆಯಿರಿ ಎಂದು ಹೇಳಲಾಯಿತು.

ಹಣಕ್ಕಿಂತ ಮಾತುಕತೆ ಮುರಿಯುವುದು ಇಂಥ ಜಾಗದಲ್ಲಿ: ಹನ್ನೊಂದು ಹಿರಿಯರ ಇಎಸ್‌ಐ ಲೆಕ್ಕದ ವೇತನ 20,300. 900 ಸೇರಿದರೆ 21,000ದ ಮಿತಿ ದಾಟುತ್ತದೆ, ಕುಟುಂಬದ ಚಿಕಿತ್ಸೆಯ ಸೌಲಭ್ಯ ಕೈತಪ್ಪುತ್ತದೆ. ಏರಿಕೆ ಏಪ್ರಿಲ್ 1ರಿಂದ ಜಾರಿಯಾದರೆ ವಂತಿಗೆ ಅವಧಿಯ ಮೊದಲ ದಿನವೇ ಹೊರಬೀಳುತ್ತಾರೆ. ಮೇ ತಿಂಗಳಿಂದ, ಅಂದರೆ ಅವಧಿಯ ನಡುವೆ ಜಾರಿಯಾದರೆ ಅದು ಮುಗಿಯುವ ಸೆಪ್ಟೆಂಬರ್ ಕೊನೆಯವರೆಗೆ ಒಳಗಿರುತ್ತಾರೆ, ಕಂಪನಿಗೆ ಬೇರೆ ವಿಮೆ ಹುಡುಕಲು ಸಮಯ ಸಿಗುತ್ತದೆ. ಇವರ ಇಎಸ್‌ಐ ಪಾಲಾಗಿ ಕಟ್ಟುತ್ತಿದ್ದ ತಲೆಗೆ ವರ್ಷಕ್ಕೆ ಸುಮಾರು 7,900 ರೂಪಾಯಿ ಆ ವಿಮೆಗೇ ಹೋಗಲಿ. ಈ ಹನ್ನೊಂದು ಹೆಸರುಗಳನ್ನು ಯೂನಿಯನ್‌ಗೆ ಕಂಪನಿಯೇ ಮೊದಲು ತೋರಿಸಬೇಕು. ಕಾರ್ಮಿಕರು ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ತಿರಸ್ಕೃತವಾದಾಗ ಅದನ್ನು ಕಂಡುಕೊಂಡರೆ ಒಪ್ಪಂದದ ಉಳಿದ ಸಾಲುಗಳನ್ನೂ ಅನುಮಾನದಿಂದಲೇ ಓದುತ್ತಾರೆ.

ಮೇಜಿನ ಮುಂದೆ ಕೂತಾಗ "ಕಂಪನಿ ನಷ್ಟದಲ್ಲಿದೆ" ಎಂಬ ಮಾತು ಬೇಡ ಎಂದೆವು. ಅದು ಸುಳ್ಳಾಗಿತ್ತು, ಹೇಳಿದ ಮರುಕ್ಷಣ ಯೂನಿಯನ್ ಆಯವ್ಯಯ ಪಟ್ಟಿ ಕೇಳುತ್ತದೆ. "ಮೂರು ವರ್ಷಕ್ಕೆ ನಮ್ಮ ಬಳಿ ಇಷ್ಟಿದೆ, 1,000ಕ್ಕೆ 1,206 ಆಗುವ ಲೆಕ್ಕ ಇದು, ಹೇಗೆ ಹಂಚೋಣ?" ಎಂದು ಹಾಳೆ ಮುಂದಿಟ್ಟರೆ ವಾದ ಹಂಚಿಕೆಯ ಕಡೆಗೆ ತಿರುಗುತ್ತದೆ.

ಕೊನೆಗೆ ಕರಡಿನಲ್ಲಿ ಒಂದು ಸಾಲು ಸೇರಿಸಲು ಸೂಚಿಸಲಾಯಿತು. ಏಪ್ರಿಲ್‌ನಲ್ಲಿ ಏರುವ ತುಟ್ಟಿಭತ್ಯೆ ಈ 900ರ ಒಳಗೋ ಹೊರಗೋ ಎಂದು ಹಳೆಯ ಒಪ್ಪಂದ ಬರೆದಿರಲಿಲ್ಲ. ಹೊರಗೆ ಎಂದಾದರೆ 36 ಲಕ್ಷದ ಲೆಕ್ಕವನ್ನು ಮೊದಲಿಂದ ಹಾಕಬೇಕು.