ಸರಳೆ ಆಮೇಲೆ, ಮೊದಲು ಶ್ರುತಿ

ಪ್ರಶ್ನೆ: ನಾನು ನೀರ್ಚಾಲಿನ ಕಡೆಯವಳು, ವಯಸ್ಸು 70 ದಾಟಿತು. ಸಣ್ಣವಳಿದ್ದಾಗಿನಿಂದ ವೀಣೆ ನುಡಿಸುತ್ತಿದ್ದೇನೆ. ನನ್ನ ಪುಳ್ಳಿಗೆ 9 ವರ್ಷ. ಬೆರಳು ಚುರುಕು, ಆದರೆ ಕಿವಿಯೇ ಕೊಡುವುದಿಲ್ಲ. ಮೊದಲ ಪಾಠದ ಸರಳೆಯನ್ನು ಗಡಗಡ ಓಡಿಸಿ ಅಂಗಳಕ್ಕೆ ಹಾರುತ್ತಾನೆ. ಗದರಿದರೆ ವೀಣೆ ಕಂಡರೇ ಆಗುವುದಿಲ್ಲ. ಮಗ "ಬಿಟ್ಟುಬಿಡಿ ಅಮ್ಮ" ಎನ್ನುತ್ತಾನೆ. ನನಗೆ ಬಿಡಲು ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಅಮ್ಮಾ, ಬಿಡಬೇಡಿ. ಸರಳೆಯನ್ನು ಮಾತ್ರ ಸದ್ಯಕ್ಕೆ ಪಕ್ಕಕ್ಕಿಡಿ. ವೀಣೆಯಲ್ಲಿ ಮೆಟ್ಟಿನ ಮೇಲೆ ಬೆರಳಿಟ್ಟು ಮೀಟಿದರೆ ಸ್ವರ ತಾನಾಗಿ ಬರುತ್ತದೆ. ಚುರುಕು ಬೆರಳಿನ ಹುಡುಗನಿಗೆ ಅಲ್ಲಿ ಕಿವಿಗೆ ಕೆಲಸವೇ ಇಲ್ಲ. ಕಿವಿಯಿಲ್ಲದೆ ಮಾಡಲಾಗದ ಕೆಲಸವೊಂದನ್ನು ಅವನಿಗೆ ಕೊಡಬೇಕು.

ಬದಿಯಡ್ಕದ ಕಡೆ ನನಗೆ ಪರಿಚಯದ ಒಬ್ಬ ಅಜ್ಜ ಇದ್ದರು, ವೀಣೆಯವರು. ಅವರ ಮೊಮ್ಮಗಳು ಒಂದು ಕಡೆ ನಿಂತವಳಲ್ಲ. ಆಟಿ ತಿಂಗಳ ಮಳೆ. ತೇವಕ್ಕೆ ತಂತಿ ಸುತ್ತಿದ ಬಿರಡೆ ಉಬ್ಬಿ ಬಿಗಿಯಾಗುವ ಕಾಲ, ದಿನಾ ಶ್ರುತಿ ನೋಡಲೇಬೇಕು. ಅಜ್ಜ ಅವಳನ್ನು ಪಾಠಕ್ಕೆ ಕರೆಯಲಿಲ್ಲ, "ಒಂದು ಕೈ ಹಿಡಿ ಮಗಾ" ಎಂದರು. ಹಳೆ ಕ್ಯಾಲೆಂಡರಿನ ತೆಳು ಕಾಗದದಿಂದ ಉಗುರಗಲದ ತುಂಡು ಹರಿದು, ನಡುವೆ ಮಡಚಿ, ನುಡಿಸುವ ಮುಖ್ಯ ತಂತಿಯಾದ ಸಾರಣಿಯ ಮಧ್ಯಭಾಗದ ಮೇಲೆ ಕೂರಿಸಿದರು. ಸಾರಣಿಯನ್ನು ಮುಟ್ಟದೆ, ಪಕ್ಕದ ಪಂಚಮ ತಂತಿಯನ್ನು ಐದನೇ ಮೆಟ್ಟಿನಲ್ಲಿ ಒತ್ತಿ ಮೀಟಿದರು. ಪಂಚಮದಿಂದ ಐದು ಮೆಟ್ಟು ಮೇಲೇರಿದರೆ ಸಾರಣಿಯ ಷಡ್ಜವೇ ಸಿಗುತ್ತದೆ. ಶ್ರುತಿ ಸ್ವಲ್ಪ ತಪ್ಪಿತ್ತು, ಕಾಗದ ಅಲ್ಲಾಡಲಿಲ್ಲ. ಪಂಚಮದ ಬುಡದಲ್ಲಿ ಶ್ರುತಿ ಸರಿಪಡಿಸುವ ಸಣ್ಣ ಉಂಗುರವನ್ನು ಅವಳ ಕೈಗೆ ಕೊಟ್ಟು, ತಾವು ಮೀಟುತ್ತ ಹೋದರು. ಅವಳು ಚೂರು ಚೂರೇ ಸರಿಸಿದಳು. ಒಂದು ಹಂತದಲ್ಲಿ ಕಾಗದ ನಡುಗಿತು, ಮತ್ತೆ ಹಾರಿ ಕೆಳಗೆ ಬಿತ್ತು.

"ಯಾರೂ ಮುಟ್ಟಲಿಲ್ಲವಲ್ಲ ಅಜ್ಜ!" ಅಂದಳಂತೆ. ಎರಡು ತಂತಿಯ ಸ್ವರ ಒಂದೇ ಆದಾಗ ಒಂದರ ಕಂಪನ ತಂತಿಗಳು ಕೂತ ಕುದುರೆಯ ಮೂಲಕ ಇನ್ನೊಂದಕ್ಕೆ ದಾಟುತ್ತದೆ. ಮರುದಿನ ಅವಳೇ ಕಾಗದ ಹರಿದುಕೊಂಡು ಬಂದಳು.

ಕೆಲವು ದಿನ ಕಳೆದ ಮೇಲೆ ಅಜ್ಜ ಕಾಗದ ತೆಗೆದುಬಿಟ್ಟರು. ಪಂಚಮವನ್ನು ಅದೇ ಮೆಟ್ಟಿನಲ್ಲಿ ಒತ್ತಿ, ಎರಡೂ ತಂತಿಗಳನ್ನು ಒಟ್ಟಿಗೆ ಮೀಟಿ, ಕಣ್ಣು ಮುಚ್ಚಿ ಕೇಳಲು ಹೇಳಿದರು. ಶ್ರುತಿ ತುಸು ತಪ್ಪಿದ್ದರೆ ನಾದ "ವೊಂಯ್... ವೊಂಯ್..." ಎಂದು ಅಲೆಯಾಗಿ ಏಳುತ್ತದೆ, ಬೀಳುತ್ತದೆ. ಹತ್ತಿರವಾದಂತೆ ಅಲೆ ನಿಧಾನವಾಗುತ್ತದೆ, ಸೇರಿದಾಗ ನಿಂತೇಹೋಗುತ್ತದೆ. ದೂರ ಹೋಗುತ್ತಿದ್ದರೆ ಅಲೆ ಚುರುಕಾಗುತ್ತದೆ. ಅದನ್ನು ಗುರುತಿಸಿ ಉಂಗುರವನ್ನು ಹಿಂದಕ್ಕೆ ಸರಿಸುವಷ್ಟು ಹೊತ್ತಿಗೆ ಅವಳು ಕೇಳಲು ಕಲಿತಾಗಿತ್ತು. "ಕೇಳು" ಎಂದು ಮತ್ತೆ ಯಾರೂ ಹೇಳಬೇಕಾಗಿ ಬರಲಿಲ್ಲ.

ಆಮೇಲೆ ಇನ್ನೊಂದು ಆಟ. ಎಲ್ಲಕ್ಕಿಂತ ತಗ್ಗಿನ ಅನುಮಂದ್ರ ತಂತಿಯನ್ನು ಒಮ್ಮೆ ಮೀಟಿ, ಸದ್ದು ಪೂರ್ತಿ ಮುಗಿದಾಗ ಕೈ ಎತ್ತು ಎಂದರು. ಮೊದಲ ದಿನ ತಕ್ಷಣ ಎತ್ತಿದಳು. ವೀಣೆಯ ಕೊಡಕ್ಕೆ ಕಿವಿಯಿಟ್ಟು ನೋಡು ಎಂದಾಗ, ತಾನು ಮುಗಿಯಿತೆಂದುಕೊಂಡ ನಾದ ಒಳಗೆ ಇನ್ನೂ ಓಡುತ್ತಿರುವುದು ತಿಳಿಯಿತು. ಇಲ್ಲಿ ನೀವೊಂದು ವಿಷಯ ಗಮನಿಸಬೇಕು. ವಯಸ್ಸಾದಂತೆ ನಮ್ಮ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. ನಿಮಗೆ ಮುಗಿದ ಮೇಲೂ ಹುಡುಗ "ಇನ್ನೂ ಇದೆ ಅಜ್ಜಿ" ಎಂದರೆ ತಿದ್ದಬೇಡಿ, ಅವನಿಗೆ ನಿಜವಾಗಿ ಕೇಳಿಸುತ್ತಿರಬಹುದು. ತಾಳದ ತಂತಿಗಳಲ್ಲಿ ತಾರಷಡ್ಜದ ಶ್ರುತಿಯನ್ನು ಅವನಿಗೇ ಒಪ್ಪಿಸಿ, "ನನಗೆ ಸರಿಯಾಗಿ ಗೊತ್ತಾಗುವುದಿಲ್ಲ ಮಗಾ, ನೀನೇ ಹೇಳು" ಎನ್ನಿ. ಅಜ್ಜಿಗೆ ತನ್ನ ಕಿವಿ ಬೇಕು ಎಂದು ಗೊತ್ತಾದ ಹುಡುಗ ಗದರಿಕೆಗಿಂತ ಬೇಗ ಬಂದು ಕೂರುತ್ತಾನೆ.

ದಿನಕ್ಕೆ ಹತ್ತು ನಿಮಿಷ ಧಾರಾಳ ಸಾಕು. ಶಾಲೆಯಿಂದ ಬಂದು, ತಿಂಡಿ ತಿಂದು, ಅಂಗಳದಲ್ಲಿ ಓಡಿ ಬಂದ ಮೇಲೆಯೇ ಆಗಲಿ. ಹೆಂಚಿನ ಮೇಲೆ ಮಳೆ ಹೊಯ್ಯುವಾಗ ಬೇಡ, ಆ ಸದ್ದಿನಲ್ಲಿ ವೀಣೆಯ ಕೊನೆ ಯಾರಿಗೂ ಕೇಳಿಸುವುದಿಲ್ಲ. ಅಷ್ಟಾಗಿಯೂ ಅಲೆ ಅವನಿಗೆ ಗೊತ್ತಾಗದಿದ್ದರೆ, ಹಿಂದಿನಿಂದ ಕರೆದಾಗ ತಿರುಗದಿದ್ದರೆ, ಪದೇಪದೇ ನೆಗಡಿ ಇದ್ದರೆ, ಕಿವಿಯ ವೈದ್ಯರಿಗೆ ಒಮ್ಮೆ ತೋರಿಸಿ. ಮಕ್ಕಳಲ್ಲಿ ನೆಗಡಿಯ ಜೊತೆ ಕಿವಿಯೊಳಗೆ ನೀರು ನಿಂತು ಮಂದವಾಗಿ ಕೇಳಿಸುವುದುಂಟು. ಅದನ್ನು ತುಂಟತನ ಎಂದುಕೊಂಡರೆ ಅನ್ಯಾಯವಾಗುತ್ತದೆ.

ಶ್ರುತಿ ಅವನ ಕೈಗೆ ಹತ್ತಿದ ಮೇಲೆ ಸರಳೆಗೆ ಮರಳಿ. ಆದರೆ ಪ್ರತಿ ಸಾಲನ್ನೂ ಅವನು ಮೊದಲು ಬಾಯಲ್ಲಿ ಹಾಡಲಿ, ಆಮೇಲೆ ನುಡಿಸಲಿ. ಹಾಡಿದ್ದೂ ನುಡಿಸಿದ್ದೂ ಸೇರಿತೋ ಇಲ್ಲವೋ ಎಂಬುದನ್ನು ನೀವು ಹೇಳಬೇಡಿ, ಅವನನ್ನೇ ಕೇಳಿ. ಮಗನಿಗೆ, ಮಳೆಗಾಲ ಮುಗಿಯುವ ತನಕ ಸುಮ್ಮನಿರು ಎಂದು ಹೇಳಿಬಿಡಿ.