50 ಹರ್ಟ್ಸ್ ಡಿಸ್ಕ್, 60 ಹರ್ಟ್ಸ್ ಮಾನಿಟರ್

ಪ್ರಶ್ನೆ: ಅಣ್ಣ ಲಂಡನ್‌ನಲ್ಲಿದ್ದಾಗ ಕೊಂಡಿದ್ದ ಪ್ಲೇಸ್ಟೇಷನ್ 1ರ ಡಿಸ್ಕ್‌ಗಳು ಈಗ ನನ್ನ ಬಳಿ ಇವೆ. ಅವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಡಕ್‌ಸ್ಟೇಷನ್ ಎಂಬ ಎಮ್ಯುಲೇಟರ್‌ನಲ್ಲಿ ಆಡುತ್ತಿದ್ದೇನೆ. ವೇಗ 100% ಎಂದೇ ತೋರಿಸುತ್ತದೆ, ಆದರೂ ಕ್ಯಾಮೆರಾ ತಿರುಗುವಾಗ ದೃಶ್ಯ ತಡವರಿಸುತ್ತದೆ. ರೆಸಲ್ಯೂಷನ್ ಹೆಚ್ಚಿಸಿದ ಮೇಲಂತೂ ಗೋಡೆ, ನೆಲ ಎಲ್ಲವೂ ನಡುಗುತ್ತವೆ. ಯಾವ ಸೆಟ್ಟಿಂಗ್ ತಪ್ಪಿದೆ?
— ಓದುಗರೊಬ್ಬರು, ಮೈಸೂರು

ಉತ್ತರ: ಇವು ಒಂದಕ್ಕೊಂದು ಸಂಬಂಧವಿಲ್ಲದ ಎರಡು ತೊಂದರೆಗಳು. ಮೊದಲನೆಯದಕ್ಕೆ ಮೂಲ ನಿಮ್ಮ ಡಿಸ್ಕ್ ಮತ್ತು ಮಾನಿಟರ್‌ಗಳ ನಡುವಿನ ಹೊಂದಾಣಿಕೆಯಲ್ಲಿದೆ, ಎರಡನೆಯದಕ್ಕೆ ಆ ಕನ್ಸೋಲಿನ ಹುಟ್ಟುಗುಣವೇ ಕಾರಣ.

ಇಂಗ್ಲೆಂಡಿನಲ್ಲಿ ಮಾರಾಟವಾದ ಡಿಸ್ಕ್‌ಗಳು ಪಾಲ್ ಪದ್ಧತಿಯವು. ಆ ಕನ್ಸೋಲ್ ಸೆಕೆಂಡಿಗೆ ಸುಮಾರು 50 ಬಾರಿ, ಕರಾರುವಾಕ್ಕಾಗಿ ಹೇಳುವುದಾದರೆ ಹೆಚ್ಚಿನ ಆಟಗಳಲ್ಲಿ 49.76 ಬಾರಿ, ಚಿತ್ರವನ್ನು ಹೊರಗೆ ಕಳಿಸುತ್ತದೆ. ನಿಮ್ಮ ಮಾನಿಟರ್ ಬಹುಶಃ ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುತ್ತದೆ. ಬಂದ 50 ಚಿತ್ರಗಳನ್ನು 60 ಸ್ಥಾನಗಳಿಗೆ ಹಂಚಬೇಕಾದಾಗ ಐದಕ್ಕೊಂದು ಚಿತ್ರ ಎರಡು ಸಲ ನಿಲ್ಲುತ್ತದೆ, ಅಂದರೆ ಸೆಕೆಂಡಿಗೆ ಹತ್ತು ಸಲ ಚಲನೆ ಮುಗ್ಗರಿಸುತ್ತದೆ. ಎಮ್ಯುಲೇಟರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುವುದರಿಂದ ವೇಗ 100% ಎಂದು ತೋರಿಸುವುದರಲ್ಲಿ ತಪ್ಪೇನೂ ಇಲ್ಲ. Show FPS ಆಯ್ಕೆಯನ್ನು ಹಾಕಿ ನೋಡಿದರೆ ತೆರೆಯ ಮೂಲೆಯಲ್ಲಿ G ಮತ್ತು V ಎಂಬ ಎರಡು ಅಂಕಿಗಳು ಕಾಣುತ್ತವೆ: G ಆಟ ಹೊಸದಾಗಿ ಬಿಡಿಸುತ್ತಿರುವ ಚಿತ್ರಗಳ ಸಂಖ್ಯೆ, V ಕನ್ಸೋಲ್ ಕಳಿಸುತ್ತಿರುವ ಚಿತ್ರಗಳ ಸಂಖ್ಯೆ. V 50ರ ಆಸುಪಾಸಿನಲ್ಲಿದ್ದರೆ ನಾನು ಹೇಳುತ್ತಿರುವುದು ನಿಮ್ಮ ಡಿಸ್ಕಿಗೇ ಅನ್ವಯಿಸುತ್ತದೆ.

ಇಲ್ಲಿ ಹೆಚ್ಚಿನವರು Force Video Timing ಎಂಬಲ್ಲಿ ಎನ್‌ಟಿಎಸ್‌ಸಿ ಆರಿಸಿ, ಆಟವನ್ನು 60 ಹರ್ಟ್ಸ್‌ನಲ್ಲಿ ಓಡಿಸಿ ಕೈತೊಳೆದುಕೊಳ್ಳುತ್ತಾರೆ. (ಹಳೆಯ ಆವೃತ್ತಿಗಳಲ್ಲಿ ಇದರ ಹೆಸರು Force NTSC Timings.) ಕೆಲವು ಆಟಗಳಿಗೆ ಇದು ಸರಿಯಾದ ಮದ್ದು, ಕೆಲವಕ್ಕೆ ವಿಷ. ಅಮೆರಿಕ ಅಥವಾ ಜಪಾನಿನ 60 ಹರ್ಟ್ಸ್ ಆಟವನ್ನು ಯುರೋಪಿಗೆ ತರುವಾಗ ಕೆಲವು ತಯಾರಕರು ವೇಗವನ್ನು 50ಕ್ಕೆ ತಕ್ಕಂತೆ ತಿದ್ದಿದರು. ಇನ್ನು ಕೆಲವರು ಹಾಗೆಯೇ ಬಿಟ್ಟರು, ಆ ಆಟಗಳು ಯುರೋಪಿನಲ್ಲಿ ಮೊದಲಿನಿಂದಲೂ ನಿಧಾನವಾಗಿಯೇ ಓಡಿದವು. ನಿಮ್ಮ ಡಿಸ್ಕ್ ಯಾವ ಬಗೆಯದು ಎಂದು ತಿಳಿಯಲು ಮೊಬೈಲಿನ ಸ್ಟಾಪ್‌ವಾಚ್ ಸಾಕು. ತೆರೆಯ ಮೇಲೆ ಗಡಿಯಾರ ತೋರಿಸುವ ಯಾವುದಾದರೂ ಕಾರ್ ರೇಸ್ ಆಟವನ್ನು ತೆಗೆದುಕೊಳ್ಳಿ. ಸಮಯದ ಸೆಟ್ಟಿಂಗ್ ಯಾವುದನ್ನೂ ಮುಟ್ಟದೆ ಓಟ ಆರಂಭಿಸಿ, ಆಟದ ಗಡಿಯಾರ ಒಂದು ನಿಮಿಷ ತೋರಿಸಿದಾಗ ಸ್ಟಾಪ್‌ವಾಚ್ ನಿಲ್ಲಿಸಿ. ಅದರಲ್ಲಿಯೂ 60 ಸೆಕೆಂಡ್ ಇದ್ದರೆ ಆ ಆಟವನ್ನು 50 ಹರ್ಟ್ಸ್‌ಗೆ ತಿದ್ದಲಾಗಿದೆ. ಅದನ್ನು ಬಲವಂತವಾಗಿ 60ಕ್ಕೆ ಏರಿಸಿದರೆ ಅದೇ ಒಂದು ನಿಮಿಷ 50 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಸ್ಟಾಪ್‌ವಾಚ್ 72ರ ಸಮೀಪ ನಿಂತರೆ ಆಟವನ್ನು ತಿದ್ದಿಲ್ಲ, ಹಾಗಾಗಿ ಎನ್‌ಟಿಎಸ್‌ಸಿಗೆ ಬದಲಿಸಿದರೆ ಅದು ತನ್ನ ಮೂಲ ವೇಗಕ್ಕೆ ಮರಳುತ್ತದೆ. ಗಡಿಯಾರವನ್ನು ಮಾತ್ರ ತಿದ್ದಿ ಓಟದ ವೇಗವನ್ನು ಮರೆತ ಆಟಗಳೂ ಇರಬಹುದಾದ್ದರಿಂದ ಸಂಗೀತವನ್ನೂ ಗಮನಿಸಿ: ಡಿಸ್ಕಿನಿಂದ ನೇರವಾಗಿ ನುಡಿಯುವ ಹಾಡಿನ ವೇಗ ಯಾವ ಸ್ಥಿತಿಯಲ್ಲೂ ಬದಲಾಗುವುದಿಲ್ಲ, ಅದರೊಂದಿಗೆ ದೃಶ್ಯ ಹೊಂದುತ್ತಿಲ್ಲವಾದರೆ ನೀವು ಆರಿಸಿದ ವೇಗ ತಪ್ಪಾಗಿದೆ.

50 ಹರ್ಟ್ಸ್‌ಗೆ ತಿದ್ದಿದ ಆಟಗಳ ವಿಷಯದಲ್ಲಿ ಬದಲಾಗಬೇಕಾದದ್ದು ಮಾನಿಟರ್. ವಿಂಡೋಸ್‌ನ ಡಿಸ್ಪ್ಲೇ ಸೆಟ್ಟಿಂಗ್‌ನಲ್ಲಿ 50 ಅಥವಾ 100 ಹರ್ಟ್ಸ್ ಇದೆಯೇ ನೋಡಿ. ಇಲ್ಲದಿದ್ದರೆ ಗ್ರಾಫಿಕ್ಸ್ ಕಾರ್ಡಿನ ಕಂಟ್ರೋಲ್ ಪ್ಯಾನೆಲ್‌ನಲ್ಲಿ 50 ಹರ್ಟ್ಸ್‌ನ ಕಸ್ಟಮ್ ರೆಸಲ್ಯೂಷನ್ ಸೇರಿಸಲು ಪ್ರಯತ್ನಿಸಬಹುದು. ನಮ್ಮಲ್ಲಿ ಟಿವಿ ಪ್ರಸಾರ ಪಾಲ್ ಪದ್ಧತಿಯಲ್ಲೇ ಬೆಳೆದುಬಂದದ್ದರಿಂದ ಇಲ್ಲಿಯ ಟಿವಿಗಳು ಸಾಮಾನ್ಯವಾಗಿ 50 ಹರ್ಟ್ಸ್ ಒಪ್ಪುತ್ತವೆ. ಮಾನಿಟರ್ ನಿರಾಕರಿಸಿದಾಗ ಎಚ್‌ಡಿಎಂಐ ತಂತಿಯನ್ನು ಟಿವಿಗೆ ಸಿಕ್ಕಿಸಿ ನಾನೇ ಎಷ್ಟೋ ಸಲ ಪಾರಾಗಿದ್ದೇನೆ. ಹೀಗೆ 50ಕ್ಕೆ ಬಂದ ಮೇಲೆ VSync ಮತ್ತು Sync To Host Refresh Rate ಎರಡನ್ನೂ ಹಾಕಿ. ಎರಡನೆಯದು 49.76 ಮತ್ತು 50ರ ನಡುವಿನ ಸಣ್ಣ ಅಂತರವನ್ನು ಮುಚ್ಚಲು ಆಟವನ್ನು ಶೇಕಡಾ ಅರ್ಧದಷ್ಟು ಮಾತ್ರ ವೇಗವಾಗಿ ಓಡಿಸುತ್ತದೆ, ಅದು ಕಿವಿಗೂ ಕಣ್ಣಿಗೂ ತಿಳಿಯುವುದಿಲ್ಲ. ನಿಮ್ಮದು ಫ್ರೀಸಿಂಕ್‌ನಂತಹ ಬದಲಾಗುವ ರಿಫ್ರೆಶ್ ದರದ ಮಾನಿಟರ್ ಆಗಿದ್ದು, ಅದರ ವ್ಯಾಪ್ತಿಯೊಳಗೆ 50 ಇದ್ದರೆ, ಈ ಎರಡನೆಯ ಆಯ್ಕೆಯ ಬದಲು Optimal Frame Pacing ಹಾಕಿ. ಮಾನಿಟರೇ ಆಟವನ್ನು ಹಿಂಬಾಲಿಸುತ್ತದೆ.

ಸಮಯದ ನಿಖರತೆ ಬೇಕೆನ್ನುವವರು ಇನ್ನೆರಡು ಕಡೆ ಕೈಯಾಡಿಸಬಾರದು. ಪ್ರೊಸೆಸರ್ ವೇಗವನ್ನು 100%ರಲ್ಲಿ, ಡಿಸ್ಕ್ ಓದುವ ವೇಗವನ್ನು ಕನ್ಸೋಲಿನ ಮೂಲ ವೇಗದಲ್ಲಿಯೇ ಬಿಡಿ. ಲೋಡಿಂಗ್ ಬೇಗ ಮುಗಿಯಲೆಂದು ಓದುವ ವೇಗವನ್ನು ಹೆಚ್ಚಿಸಿದರೆ ಕೆಲವು ಆಟಗಳು ಕಪ್ಪು ತೆರೆಯಲ್ಲೇ ನಿಂತುಬಿಡುತ್ತವೆ, ಆಗ ಡಿಸ್ಕ್ ಕೆಟ್ಟಿದೆಯೆಂದು ಅನುಮಾನಿಸುತ್ತಾ ಕೂರುವಂತಾಗುತ್ತದೆ.

ಈಗ ನಡುಕದ ವಿಷಯ. ಪ್ಲೇಸ್ಟೇಷನ್ 1ರಲ್ಲಿ ಮೂರು ಆಯಾಮದ ಲೆಕ್ಕ ಮಾಡುವ ಭಾಗ ಪ್ರತಿಯೊಂದು ತ್ರಿಕೋನದ ಮೂಲೆಯನ್ನೂ ತೆರೆಯ ಮೇಲಿನ ಪೂರ್ಣಾಂಕ ಸ್ಥಾನಕ್ಕೇ ಕೂರಿಸುತ್ತದೆ. ಅರ್ಧ ಪಿಕ್ಸೆಲ್, ಕಾಲು ಪಿಕ್ಸೆಲ್ ಎಂಬುದು ಅದಕ್ಕಿಲ್ಲ. ಹಳೆಯ ಮಸುಕಾದ ಟಿವಿಯಲ್ಲಿ ಒಂದು ಪಿಕ್ಸೆಲ್ ಜಿಗಿತ ಕಣ್ಣಿಗೆ ಬೀಳುತ್ತಿರಲಿಲ್ಲ. 1080 ಸಾಲಿನ ತೆರೆಗೆಂದು Internal Resolution ಅನ್ನು 5x ಮಾಡಿದಾಗ ಅಂಚುಗಳು ಚೂಪಾಗುತ್ತವೆ, ಆದರೆ ಮೂಲೆಗಳು ಮಾತ್ರ ಹಳೆಯ ಜಾಗಗಳಲ್ಲೇ ಕೂರುವುದರಿಂದ ಒಂದೊಂದು ಜಿಗಿತವೂ ಐದು ಪಿಕ್ಸೆಲ್‌ನಷ್ಟಾಗುತ್ತದೆ. ನೀವು ನೋಡುತ್ತಿರುವ ನಡುಕ ಇದೇ. PGXP Geometry Correction ಹಾಕಿದರೆ ಎಮ್ಯುಲೇಟರ್ ಕತ್ತರಿಸುವ ಮುಂಚಿನ ಭಿನ್ನಾಂಕವನ್ನು ನೆನಪಿಟ್ಟುಕೊಂಡು ಅದರಿಂದಲೇ ಚಿತ್ರ ಬಿಡಿಸುತ್ತದೆ. ಅದರ ಜೊತೆಗಿರುವ Perspective Correct Textures, ಹತ್ತಿರದ ನೆಲದ ಹಾಸುಗಲ್ಲುಗಳು ಅಂಕುಡೊಂಕಾಗಿ ಬಾಗುವುದನ್ನು ನಿಲ್ಲಿಸುತ್ತದೆ. ಇವೆರಡೂ ಇರಲಿ. Depth Buffer ಅನ್ನು ಮುಟ್ಟಬೇಡಿ: ಆ ಕನ್ಸೋಲಿನಲ್ಲಿ ಆಳ ಅಳೆಯುವ ವ್ಯವಸ್ಥೆಯೇ ಇರಲಿಲ್ಲ, ದೂರದ್ದನ್ನು ಮೊದಲು ಬಿಡಿಸಿ ಹತ್ತಿರದ್ದನ್ನು ಅದರ ಮೇಲೆ ಬಿಡಿಸುತ್ತಿತ್ತು, ಆದ್ದರಿಂದ ಆಟದ ಲೆಕ್ಕಾಚಾರಕ್ಕೆ ವಿರುದ್ಧವಾಗಿ ವಸ್ತುಗಳು ಮಾಯವಾಗಬಹುದು.

ಆದರೂ ಕೆಲವು ಆಟಗಳು ನಡುಗುತ್ತಲೇ ಇರುತ್ತವೆ. ಮೂಲೆಗಳ ಅಂಕಿಗಳನ್ನು ಪ್ರೊಸೆಸರ್ ಮತ್ತೆ ಕಲಸಿ ಕಳಿಸಿದಾಗ ಎಮ್ಯುಲೇಟರಿಗೆ ಜಾಡು ತಪ್ಪುತ್ತದೆ. ಅಂಥಲ್ಲಿ CPU Mode ಸಹಾಯವಾದೀತು, ಆದರೆ ಕಂಪ್ಯೂಟರಿಗೆ ಭಾರ. ಗೋಡೆಗಳ ನಡುವೆ ಬಿರುಕು ಕಂಡರೆ ಆ ಆಟಕ್ಕೆ ಮಾತ್ರ, ಪಟ್ಟಿಯಲ್ಲಿ ಅದರ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಸಿಗುವ ಪ್ರತ್ಯೇಕ ಸೆಟ್ಟಿಂಗ್‌ನಲ್ಲಿ, PGXP ತೆಗೆಯಿರಿ. ಮೊದಲೇ ಚಿತ್ರಿಸಿಟ್ಟ ಹಿನ್ನೆಲೆಗಳು, ಎರಡು ಆಯಾಮದ ಆಟಗಳು 5xರಿಂದ ಒಂದಿಷ್ಟೂ ಸುಂದರವಾಗುವುದಿಲ್ಲ. ಅವಕ್ಕೆ ಟೆಕ್ಸ್ಚರ್ ಫಿಲ್ಟರ್ ಹಾಕಿದರೆ ಅಕ್ಷರಗಳ ಸುತ್ತ ಗೆರೆ ಮೂಡುತ್ತದೆ, ಹಾಗಾಗಿ ಅಲ್ಲಿ Nearest ಎಂದೇ ಇರಲಿ.

ಕೊನೆಗೆ, ಡಿಸ್ಕನ್ನು ನೀವು ಹೇಗೆ ಇಳಿಸಿಕೊಂಡಿರಿ ಎಂದು ಬರೆದಿಲ್ಲ. ಒಂದೇ ಐಎಸ್‌ಒ ಕಡತವಾಗಿ ಮಾಡಿದ್ದರೆ ಹಾಡಿನ ಟ್ರ್ಯಾಕ್‌ಗಳು ಅದರಲ್ಲಿ ಬಂದಿರುವುದಿಲ್ಲ. ಬಿನ್ ಮತ್ತು ಕ್ಯೂ ಜೋಡಿಯಾಗಿ ಮತ್ತೊಮ್ಮೆ ಇಳಿಸಿ, ಜಾಗ ಉಳಿಸಬೇಕಿದ್ದರೆ ಆಮೇಲೆ ಹೀಗೆ ಕುಗ್ಗಿಸಿ:

```
chdman createcd -i "game.cue" -o "game.chd"
```

ಯುರೋಪಿನ ಕೆಲವು ಡಿಸ್ಕ್‌ಗಳಲ್ಲಿ ಲಿಬ್‌ಕ್ರಿಪ್ಟ್ ಎಂಬ ನಕಲು ತಡೆ ಇದ್ದು, ಅದರ ಗುರುತು ಬಿನ್ ಕಡತದೊಳಗೆ ಬರುವುದಿಲ್ಲ. ಅಂಥ ಆಟ ಆರಂಭದಲ್ಲಿಯೋ ನಡುದಾರಿಯಲ್ಲಿಯೋ ಹೆಪ್ಪುಗಟ್ಟಿದಂತೆ ನಿಂತರೆ ಸಮಯದ ಸೆಟ್ಟಿಂಗ್‌ಗಳನ್ನು ಬದಲಿಸುತ್ತಾ ಹೋಗಬೇಡಿ. ಸಬ್‌ಚಾನೆಲ್ ಮಾಹಿತಿಯನ್ನೂ ಓದುವ ತಂತ್ರಾಂಶದಿಂದ ಅದೇ ಡಿಸ್ಕನ್ನು ಮತ್ತೆ ಇಳಿಸಿ, ಹೊರಬರುವ ಎಸ್‌ಬಿಐ ಕಡತವನ್ನು ಆಟದ ಪಕ್ಕದಲ್ಲಿಯೇ ಅದೇ ಹೆಸರಿನಲ್ಲಿ ಇಡಿ.