ಮೂವರು ಕಂಡ ಒಂದು ಅಪಘಾತ: ವರದಿಗಾರರೊಬ್ಬರಿಗೆ ಸಂಪಾದಕರ ಉತ್ತರ

“ನಾಲ್ಕು ರಸ್ತೆ ಕೂಡುವಲ್ಲಿ ಕಾರು ಮತ್ತು ಸ್ಕೂಟರ್ ನಡುವೆ ನಡೆದ ಅಪಘಾತದ ವರದಿಯನ್ನು, ನನ್ನ ಟಿಪ್ಪಣಿಗಳ ಸಮೇತ ಕಳುಹಿಸಿದ್ದೇನೆ. ಕಣ್ಣಾರೆ ಕಂಡ ಮೂವರೂ ಮೂರು ರೀತಿ ಹೇಳುತ್ತಾರೆ. ಯಾರ ಪಕ್ಷವನ್ನೂ ವಹಿಸಬಾರದೆಂದು ಎಲ್ಲರ ಮಾತನ್ನೂ ಹೊಂದಿಸಿ ಬರೆದಿದ್ದೇನೆ. ಸರಿಯಾಗಿದೆಯೇ?”

ಮಾನ್ಯರೇ,

ಈಗಿರುವ ರೂಪದಲ್ಲಿ ಈ ವರದಿಯನ್ನು ಪ್ರಕಟಿಸಲಾಗದು. “ಕಾರು ಸಾಧಾರಣಕ್ಕಿಂತ ತುಸು ಹೆಚ್ಚು ವೇಗದಲ್ಲಿತ್ತು” ಎಂದು ಬರೆದಿದ್ದೀರಿ. ನಿಮ್ಮ ಟಿಪ್ಪಣಿಗಳಲ್ಲಿ ಹಾಗೆ ಹೇಳಿದವರು ಯಾರೂ ಇಲ್ಲ. ರಸ್ತೆ ದಾಟಲು ಮೂಲೆಯಲ್ಲಿ ನಿಂತಿದ್ದವರು ಕಾರು ನುಗ್ಗಿ ಬಂತು ಎಂದಿದ್ದಾರೆ, ಮೇಲಿನ ಮಹಡಿಯ ಮಹಿಳೆ ಅದು ನಿಧಾನವಾಗಿತ್ತು ಎಂದಿದ್ದಾರೆ. ಇಬ್ಬರ ಮಾತಿನ ಸರಾಸರಿ ತೆಗೆದು, ಯಾರೂ ಕಾಣದ ನಾಲ್ಕನೆಯ ಘಟನೆಯೊಂದನ್ನು ನೀವು ಸೃಷ್ಟಿಸಿದಂತಾಗಿದೆ.

ಹೇಳಿಕೆಗಳನ್ನು ಹೊಂದಿಸುವ ಮೊದಲು, ಪ್ರತಿಯೊಬ್ಬರೂ ಎಲ್ಲಿಂದ, ಯಾವ ಕ್ಷಣದಿಂದ, ಏನನ್ನು ನೋಡುತ್ತಿದ್ದರು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಮಹಡಿಯ ಮಹಿಳೆ “ಸದ್ದು ಕೇಳಿ ಹೊರಗೆ ಬಂದೆ” ಎಂದದ್ದು ನಿಮ್ಮ ಟಿಪ್ಪಣಿಯಲ್ಲಿದೆ, ಆದರೆ ವರದಿಯಲ್ಲಿ ಬಿಟ್ಟುಹೋಗಿದೆ. ಆ ಒಂದು ಮಾತಿನಿಂದಲೇ ವೇಗದ ಕುರಿತ ವಿರೋಧದ ಬಹುಭಾಗ ಕರಗಿಹೋಗುತ್ತದೆ. ಅವರು ಕಂಡದ್ದು ಡಿಕ್ಕಿಯ ನಂತರ ನಿಲ್ಲುತ್ತಿದ್ದ ಕಾರನ್ನು, ಮೂಲೆಯಲ್ಲಿದ್ದವರು ಕಂಡದ್ದು ಡಿಕ್ಕಿಗೆ ಮುಂಚಿನ ಕಾರನ್ನು. ಎರಡೂ ಹೇಳಿಕೆಗಳು ಒಟ್ಟಿಗೆ ನಿಜವಾಗಿರಬಲ್ಲವು, ಮತ್ತು ಹಾಗೆ ತೋರಿಸಲು ನೀವು ಯಾರ ಮಾತನ್ನೂ ತಿದ್ದಬೇಕಾಗಿಲ್ಲ.

ಸಿಗ್ನಲ್ ದೀಪದ ವಿಷಯ ಇಷ್ಟು ಸುಲಭವಲ್ಲ. ಕೆಂಪಿತ್ತು ಎಂದು ಮೂಲೆಯಲ್ಲಿದ್ದವರೂ, ಹಸಿರಿತ್ತು ಎಂದು ಕಾರಿನ ಹಿಂದಿನ ವಾಹನದಲ್ಲಿದ್ದ ನಿವೃತ್ತ ಚಾಲಕರೂ ಹೇಳುತ್ತಾರೆ. ಯಾವ ದೀಪ ಎಂದು ನೀವು ಇಬ್ಬರನ್ನೂ ಕೇಳಿಲ್ಲ. ಸಿಗ್ನಲ್ ದೀಪಗಳಿಗೆ ಮರೆ ಕಟ್ಟಿರುವುದರಿಂದ, ಒಂದು ದಿಕ್ಕಿನ ವಾಹನಗಳಿಗೆ ಇರುವ ದೀಪ ಪಕ್ಕದ ಮೂಲೆಯಲ್ಲಿ ನಿಂತವರಿಗೆ ಕಾಣದೇ ಇರಬಹುದು. ಅವರು ಪಾದಚಾರಿಗಳ ದೀಪ ಹಸಿರಾದದ್ದನ್ನು ನೋಡಿ, ಕಾರಿನವರಿಗೆ ಕೆಂಪೇ ಇರಬೇಕೆಂದು ಊಹಿಸಿರಬಹುದು. ಚಾಲಕರ ಕಣ್ಣೂ ಡಿಕ್ಕಿಯ ಕ್ಷಣದಲ್ಲಿ ದೀಪದ ಮೇಲೆಯೇ ಇತ್ತೆನ್ನಲು ಆಧಾರವಿಲ್ಲ. ಆ ಮೂಲೆಯಲ್ಲಿ ಹೋಗಿ ನಿಂತು, ಯಾವ ದೀಪ ಕಾಣುತ್ತದೆಂದು ನೀವೇ ನೋಡಿ ಬನ್ನಿ. ಬಳಿಕ ಇಬ್ಬರನ್ನೂ ಬೇರೆಬೇರೆಯಾಗಿ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಸದೆ, “ನೀವು ಕೊನೆಯ ಬಾರಿ ದೀಪ ನೋಡಿದ್ದು ಯಾವಾಗ?” ಎಂದಷ್ಟೇ ಕೇಳಿ. “ಕೆಂಪಿತ್ತಲ್ಲವೇ?” ಎಂಬ ಪ್ರಶ್ನೆ ಉತ್ತರವನ್ನೂ ಜೊತೆಗೇ ಕೊಟ್ಟುಬಿಡುತ್ತದೆ.

ಇಷ್ಟಾದರೂ ವಿರೋಧ ಉಳಿದರೆ, ಅದು ಹಾಗೆಯೇ ಉಳಿಯಲಿ. ಬರೆಯುವ ಬಗೆ ಹೀಗಿರಬಹುದು: “ಕಾರಿಗೆ ಕೆಂಪು ದೀಪವಿತ್ತು ಎಂದು ಮೂಲೆಯಲ್ಲಿದ್ದವರು ಹೇಳಿದರು. ಅವರು ನೋಡುತ್ತಿದ್ದದ್ದು ಪಾದಚಾರಿಗಳ ದೀಪವನ್ನು. ಹಸಿರು ದೀಪವಿತ್ತು ಎಂದು ಹಿಂದಿನ ವಾಹನದಲ್ಲಿದ್ದ ನಿವೃತ್ತ ಚಾಲಕರು ಹೇಳಿದರು. ಕಾರು ಮುಂದೆ ಸಾಗಿದ ಮೇಲೆ ತಾವು ದೀಪವನ್ನು ನೋಡಲಿಲ್ಲ ಎಂದರು.” ಇದರಲ್ಲಿ ಎರಡನೆಯ ಮತ್ತು ನಾಲ್ಕನೆಯ ವಾಕ್ಯಗಳನ್ನು ಅವರಿಂದ ಸಿಕ್ಕ ಉತ್ತರಕ್ಕೆ ತಕ್ಕಂತೆ ನೀವೇ ತುಂಬಬೇಕು.

ನಿಮ್ಮ ಕ್ರಿಯಾಪದಗಳ ಬಗ್ಗೆಯೂ ಹೇಳಲೇಬೇಕು. ಮೂಲೆಯಲ್ಲಿದ್ದವರು “ಆರೋಪಿಸಿದರು”, ಚಾಲಕರು “ಸ್ಪಷ್ಟಪಡಿಸಿದರು” ಎಂದು ಬರೆದಿದ್ದೀರಿ. ಮೊದಲಿನದು ಸಂದೇಹ ಹುಟ್ಟಿಸುತ್ತದೆ, ಎರಡನೆಯದು ತೀರ್ಪು ಕೊಡುತ್ತದೆ. ಇಬ್ಬರಿಗೂ “ಹೇಳಿದರು” ಸಾಕು. ಅದರ ಮೇಲೆ ಚಾಲಕರ ದೀರ್ಘ ಅನುಭವವನ್ನು ವರ್ಣಿಸಿ, ಕೊನೆಯ ಮಾತನ್ನೂ ಅವರಿಗೇ ಬಿಟ್ಟಿದ್ದೀರಿ. ಅನುಭವಿಯ ಮಾತಿಗೆ ಹೀಗೆ ತೂಕ ಹೆಚ್ಚಿಸುವುದು ಎಲ್ಲಿಗೆ ಒಯ್ಯಬಹುದು ಎಂಬುದಕ್ಕೆ ಟೈಟಾನಿಕ್ ಹಡಗಿನ ವಿಚಾರಣೆಗಳನ್ನು ನೋಡಿ. 1912ರಲ್ಲಿ ಬದುಕುಳಿದವರಲ್ಲಿ ಹಲವರು ಹಡಗು ಎರಡು ತುಂಡಾಯಿತು ಎಂದರು, ಬದುಕುಳಿದ ಅಧಿಕಾರಿಗಳಲ್ಲಿ ಅತ್ಯಂತ ಹಿರಿಯರಾಗಿದ್ದವರು ಹಾಗಾಗಲಿಲ್ಲ ಎಂದರು. ಅಮೆರಿಕ ಮತ್ತು ಬ್ರಿಟನ್ನಿನ ಎರಡೂ ವರದಿಗಳು ಹಡಗು ಇಡಿಯಾಗಿಯೇ ಮುಳುಗಿತೆಂದು ತೀರ್ಮಾನಿಸಿದವು. 1985ರಲ್ಲಿ ಸಾಗರದ ತಳದಲ್ಲಿ ಅದರ ಅವಶೇಷ ಎರಡು ಭಾಗಗಳಾಗಿ ಬಿದ್ದಿರುವುದು ಕಂಡುಬಂತು. ತೀರ್ಮಾನಿಸದೆ ಎರಡೂ ಮಾತುಗಳನ್ನು ದಾಖಲಿಸಿದ್ದರೆ, ಆ ವರದಿಗಳು ಈ ವಿಷಯದಲ್ಲಿ ತಪ್ಪುತ್ತಿರಲಿಲ್ಲ.

ಹಾಗೆಂದು, ಪಕ್ಷ ವಹಿಸದಿರುವುದು ಎಂದರೆ ಕಣ್ಣ ಮುಂದಿರುವ ವಸ್ತುವನ್ನು ಬಿಟ್ಟುಬಿಡುವುದಲ್ಲ. ಕ್ಯಾಮೆರಾದ ದೃಶ್ಯದಲ್ಲಿ ದೀಪದ ಬಣ್ಣ ಕಾಣಿಸಿದರೆ, ಅದು ಯಾರ ಹೇಳಿಕೆಗೆ ವಿರುದ್ಧವಾಗಿದ್ದರೂ ಬರೆಯಲೇಬೇಕು. ನಿಮ್ಮ ಟಿಪ್ಪಣಿಯಲ್ಲಿರುವ ಟೈರಿನ ಗುರುತನ್ನೂ ವರದಿಗೆ ತನ್ನಿ. ಆದರೆ ಕಾರಿನದೇ ಗುರುತು ಎಂದು ಖಚಿತವಾದರೂ, ಚಕ್ರ ಎಲ್ಲಿ ಬಿಗಿಹಿಡಿಯಿತು ಎಂಬುದನ್ನು ಅದು ತಿಳಿಸುತ್ತದೆ, ಆಗ ದೀಪ ಯಾವ ಬಣ್ಣದಲ್ಲಿತ್ತು ಎಂಬುದನ್ನಲ್ಲ.